ಮಾವಶಿ ಅನ್ನಲೋ, ಅಕ್ಕಾ ಅನ್ನಲೋ

ಈ ಸಲ ಮೇ ತಿಂಗಳಲ್ಲಿ ಬೆಳಗಾವಿಗೆ ಬಂದಾಗ ಗಣಪತ ಗಲ್ಲಿಯಲ್ಲಿ ಆಪೂಸ್ ಕೊಳ್ಳಲು ನಿಂತೆ. ಗಾಡಿಯ ಹಿಂದೆ ಅರವತ್ತು ದಾಟಿದ ಹೆಂಗಸು. ಕಚ್ಚೆ ಸೀರೆ, ಕೈತುಂಬ ಹಸಿರು ಬಳೆ. ಗಾಡಿಗೆ ಕಟ್ಟಿದ ರಟ್ಟಿನ ಮೇಲೆ ಮರಾಠಿಯಲ್ಲಿ ದರ ಬರೆದಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಮಾವಶಿ, ಆಂಬೇ ಕಶೇ ದಿಲೇ?" ಅಂದೆ. "ಸಹಾಶೇ" ಅಂದರು. ಡಜನ್ನಿಗೆ ಆರುನೂರು. ಹತ್ತು ನಿಮಿಷ ಚೌಕಾಸಿ ನಡೆಯಿತು, ಎಲ್ಲ ಮರಾಠಿಯಲ್ಲೇ. ನನ್ನ ಮರಾಠಿ ಶಾಲೆಯ ದಿನಗಳಲ್ಲಿ ಗೆಳೆಯರಿಂದ ಕಲಿತದ್ದು. ಹನ್ನೊಂದು ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ ಇದ್ದು ಅದಕ್ಕೂ ತುಕ್ಕು ಹಿಡಿದಿದೆ. ಆದರೂ ಹೇಗೋ ಐನೂರಕ್ಕೆ ಇಳಿಸಿದೆ.

ಹಣ್ಣು ಚೀಲಕ್ಕೆ ಹಾಕುವಾಗ ಅವರ ಫೋನ್ ಬಡಿಯಿತು. "ಹಲೋ, ಹೇಳೋ ತಮ್ಮಾ. ಊಟಾ ಮಾಡಿಯೇನು?"

ನಾನು ಚೀಲ ಹಿಡಿದು ಹಾಗೇ ನಿಂತೆ. ಫೋನ್ ಇಟ್ಟ ಮೇಲೆ ಕೇಳಿದೆ, "ನೀವು ಕನ್ನಡದವ್ರಾ?"

"ಹೂಂ ಮತ್ತ. ಗೋಕಾಕ ಕಡೆ ತವರಮನಿ."

"ಮತ್ತ ಮರಾಠಿ ಯಾಕ ಮಾತಾಡಿದ್ರಿ?"

"ನೀವ ಸುರು ಮಾಡಿದ್ರಿ. ಗಿರಾಕಿ ಯಾವ ಮಾತಿನ್ಯಾಗ ಕೇಳ್ತಾನ ಅದರಾಗ ಹೇಳೋದು." ಆಮೇಲೆ ನನ್ನನ್ನೇ ನೋಡುತ್ತಾ, "ನಿಮ್ಮೂರು ಯಾವ್ದು?" ಅಂದರು. ಬೈಲಹೊಂಗಲ ಅಂದೆ. "ಬೈಲಹೊಂಗಲದವ್ರಾಗಿ ನನ್ನ ಸೀರಿ ನೋಡಿ ಮಾತ ಆರಿಸಿದ್ರ್ಯಾ?"

ಆ ಮಾತು ಚುಚ್ಚಿತು. ಅವರು ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ಜಾಸ್ತಿ ಚುಚ್ಚಿತು. ರಟ್ಟಿನ ಮೇಲೆ ದರ ಬರೆದುಕೊಟ್ಟವನು ಪಕ್ಕದ ಗಾಡಿಯ ಹುಡುಗ ಎಂದು ಆಮೇಲೆ ಗೊತ್ತಾಯಿತು. ಇಬ್ಬರು ಕನ್ನಡದವರು ಹತ್ತು ನಿಮಿಷ ಮೂರನೆಯವರ ಮಾತಿನಲ್ಲಿ ಚೌಕಾಸಿ ಮಾಡಿದ್ದೆವು. ಕಾರಣ ನನ್ನ ಮೊದಲ ನಾಲ್ಕು ಶಬ್ದ.

ನಮ್ಮೂರಿನ ಕಷ್ಟ ಇರುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಮೊದಲು ಬಾಯಿ ತೆರೆದವರು ಭಾಷೆ ಗೊತ್ತು ಮಾಡಿಬಿಡುತ್ತಾರೆ. ಎದುರಿನವರು ಮರ್ಯಾದೆಗೆ, ಇಲ್ಲವೇ ವ್ಯಾಪಾರಕ್ಕೆ, ಅದನ್ನೇ ಹಿಡಿಯುತ್ತಾರೆ. ನಡುವೆ ಬದಲಾಯಿಸೋಣ ಎನ್ನಲು ಯಾರಿಗೂ ಜಾಗ ಇರುವುದಿಲ್ಲ.

ಮಾಂಟ್ರಿಯಲ್‌ನಲ್ಲಿ ಅದಕ್ಕೆ ಒಂದು ಜಾಗ ಇದೆ. ಅಲ್ಲಿ ಅಂಗಡಿಗೆ ಕಾಲಿಟ್ಟರೆ "ಬೊಂಝೂರ್, ಹಾಯ್" ಅನ್ನುತ್ತಾರೆ. ಒಂದೇ ಉಸಿರಿನಲ್ಲಿ, ಫ್ರೆಂಚ್ ಮೊದಲು, ಇಂಗ್ಲಿಷ್ ಆಮೇಲೆ. ನಂತರ ಅರೆಗಳಿಗೆ ಸುಮ್ಮನಿರುತ್ತಾರೆ. ಇಡೀ ಕೆಲಸ ನಡೆಯುವುದು ಆ ಅರೆಗಳಿಗೆಯಲ್ಲಿ. ನೀವು "ಬೊಂಝೂರ್" ಅಂದರೆ ಮುಂದಿನದೆಲ್ಲ ಫ್ರೆಂಚ್. "ಹಾಯ್" ಅಂದರೆ ಇಂಗ್ಲಿಷ್. ನಿಮ್ಮ ಮುಖ, ಬಟ್ಟೆ, ಚರ್ಮದ ಬಣ್ಣ ನೋಡಿ ಯಾರೂ ಊಹಿಸಬೇಕಾಗಿಲ್ಲ. ಆರಿಸುವವರು ನೀವೇ.

ಸರ್ಕಾರಿ ಕೌಂಟರಿನಲ್ಲಿ ಇದು ಬರೀ ರೂಢಿ ಅಲ್ಲ. ಕೆನಡಾದ ಒಕ್ಕೂಟ ಸರ್ಕಾರದ ಭಾಷಾ ಕಾಯ್ದೆ 1969ರಲ್ಲಿ ಬಂತು. 1988ರ ಹೊಸ ಕಾಯ್ದೆಯಲ್ಲಿ ಇನ್ನೊಂದು ಮಾತು ಸೇರಿತು. ಎರಡೂ ಭಾಷೆಯಲ್ಲಿ ಸೇವೆ ಕೊಡಬೇಕಾದ ಕಚೇರಿಯವರು, ಎರಡೂ ಇದೆ ಎಂದು ತಾವೇ ಮೊದಲು ತಿಳಿಸಬೇಕು. ಬಂದವರು ಕೇಳಲಿ ಎಂದು ಕಾಯುವಂತಿಲ್ಲ. ಸಾಲಿನಲ್ಲಿ ನಿಂತು ಕೊನೆಗೆ ಕಿಟಕಿ ಮುಟ್ಟಿದವನಿಗೆ "ನನಗೆ ಈ ಭಾಷೆ ಬೇಕು" ಎಂದು ಕೇಳುವ ಧೈರ್ಯ ಇರುವುದಿಲ್ಲ, ಅಲ್ವಾ? ಇದು ನನಗೆ ತುಂಬ ಹಿಡಿಸಿದ ಮಾತು.

ಈಗ ನಮ್ಮ ಕಡೆ ನೋಡಿ. ಗಣಪತ ಗಲ್ಲಿಯಲ್ಲಿ ಹಣ್ಣಿನವರಿಗೆ ಯಾರು ನಮಸ್ಕಾರ ಹೇಳುತ್ತಾರೆ? ನಮಸ್ಕಾರ ಇರುವುದು ಗುರುತಿನವರಿಗೆ, ಮನೆಗೆ ಬಂದವರಿಗೆ, ಸಾಹೇಬರಿಗೆ. ಸಂತೆಯಲ್ಲಿ ನಾವು ನೇರ ದರ ಕೇಳುತ್ತೇವೆ. "ಹೆಂಗ ಕೊಟ್ರಿ?" ಇಲ್ಲವೇ "ಕಶೇ ದಿಲೇ?" ನಮ್ಮ ಸಂತೆಯ ನಮಸ್ಕಾರ ಎಂದರೆ ಇದೇ. ಆದರೆ ದರ ಕೇಳುವ ಮಾತಿಗೆ ಎರಡೂ ಭಾಷೆಗೆ ಹೊಂದುವ ರೂಪ ಇಲ್ಲ. ಬಾಯಿಂದ ಬಂತು ಎಂದರೆ ಭಾಷೆ ಆರಿಸಿದ ಹಾಗೇ.

ಹಾಗಾಗಿ ಕಣ್ಣಿನ ಮೇಲೆ ಭಾರ ಹಾಕುತ್ತೇವೆ. ಕಣ್ಣು ಮೋಸ ಮಾಡುತ್ತದೆ. ಹೆಸರೂ ಮಾಡುತ್ತದೆ. ಪಾಟೀಲ, ದೇಸಾಯಿ, ಕುಲಕರ್ಣಿ, ಜೋಶಿ ಎಂಬ ಅಡ್ಡಹೆಸರು ಕೇಳಿ ಮನೆಮಾತು ಹೇಳುತ್ತೇನೆ ಎಂದವರು ಬೆಳಗಾವಿಯಲ್ಲಿ ಅರ್ಧ ಸಲ ತಪ್ಪುತ್ತಾರೆ. ಗಲ್ಲಿಯೂ ಅಷ್ಟೇ. ಶಹಾಪುರದ ಒಂದೇ ಓಣಿಯಲ್ಲಿ ಈ ಮನೆಯದು ಕನ್ನಡ, ಆ ಮನೆಯದು ಮರಾಠಿ, ಎದುರಿನದು ಉರ್ದು.

ಇದಕ್ಕೆ ಈಗಿನ ಹುಡುಗರು ಒಂದು ದಾರಿ ಹುಡುಕಿದ್ದಾರೆ. ಹಿಂದಿಯಲ್ಲಿ ಶುರು ಮಾಡುತ್ತಾರೆ. ಯಾರದೂ ಅಲ್ಲದ ಮಾತು, ಆದ್ದರಿಂದ ಯಾರಿಗೂ ನೋವಿಲ್ಲ ಎಂಬುದು ಅವರ ಲೆಕ್ಕ. ಅದು ನನಗೆ ಒಪ್ಪಿಗೆ ಇಲ್ಲ. ಆಟೋ ಹತ್ತಿ "ಚಲೋಗೇ ಕ್ಯಾ?" ಅಂದರೆ, ಇಲ್ಲೇ ಹುಟ್ಟಿ ಬೆಳೆದವನಿಗೆ "ನೀನು ಯಾರೆಂದು ತಿಳಿಯುವ ಗೋಜು ನನಗೆ ಬೇಡ" ಎಂದಂತೆ ಕೇಳುತ್ತದೆ. ನನ್ನ ತಮ್ಮನ ಮಗನೇ ಹಾಗೆ ಮಾಡಿದಾಗ ಪಕ್ಕದಲ್ಲಿ ಕೂತ ನನಗೆ ಮುಜುಗರವಾಯಿತು. ಆಟೋದವರು ಕನ್ನಡದಲ್ಲೇ ಉತ್ತರ ಕೊಟ್ಟರು. ಇವನು ಆಮೇಲೂ ಹಿಂದಿ ಬಿಡಲಿಲ್ಲ. ಮಾಂಟ್ರಿಯಲ್‌ನಲ್ಲಿ ಕೆಟ್ಟ ನಡತೆ ಎನ್ನುವುದು ಇದನ್ನೇ. ಶುರುವಿನಲ್ಲಿ ತಪ್ಪಿದರೆ ಪರವಾಗಿಲ್ಲ, ಉತ್ತರ ಕೇಳಿಯೂ ತಿರುಗದೆ ಇರುವುದು ತಪ್ಪು.

ಯಾರದೂ ಅಲ್ಲದ ಮಾತಿನ ವಿಚಾರ ಬಂದಾಗ ನನಗೆ ಸಾಂಗಲಿ ಹತ್ತಿರದ ಕುಪ್ವಾಡ ನೆನಪಾಗುತ್ತದೆ. ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾ ವಿದ್ವಾಂಸರು ಅಲ್ಲಿಯ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಬರೆದರು. ಆ ಊರಿನ ಜೈನರ ಮನೆಯಲ್ಲಿ ಕನ್ನಡ, ಮುಸ್ಲಿಮರ ಮನೆಯಲ್ಲಿ ಉರ್ದು. ಒಬ್ಬರು ಇನ್ನೊಬ್ಬರ ಜೊತೆ ಮಾತಾಡುವಾಗ ಇಬ್ಬರದೂ ಅಲ್ಲದ ಮರಾಠಿ. ತಲೆಮಾರುಗಟ್ಟಲೆ ಹೀಗೆ ದಾಟಿ ದಾಟಿ ಮೂರೂ ಭಾಷೆಯ ವಾಕ್ಯಗಳ ಕಟ್ಟು ಒಂದೇ ಆಗಿತ್ತು. ಶಬ್ದಕ್ಕೆ ಶಬ್ದ ಬದಲಾಯಿಸಿದರೆ ಸಾಕು, ಇನ್ನೊಂದು ಭಾಷೆ ಸಿಗುತ್ತಿತ್ತು. ಅಲ್ಲಿ ನಡುವಿನ ಮಾತು ದಿನದಿನದ ಬದುಕಿನಿಂದ ಬಂದಿತ್ತು, ಊರಿನೊಳಗಿನದೇ ಆಗಿತ್ತು. ನಮ್ಮ ಹುಡುಗರ ಹಿಂದಿ ಹಾಗಲ್ಲ.

ನನಗೆ ತೋಚಿದ ದಾರಿ ಇನ್ನೊಂದಿದೆ, ಅದು ನಮ್ಮಲ್ಲೇ ಇದೆ. ಕಾಕಾ, ಅಕ್ಕಾ, ಅಣ್ಣಾ. ಈ ಮೂರನ್ನೂ ಬೆಳಗಾವಿಯಲ್ಲಿ ಕನ್ನಡದವರೂ ಅನ್ನುತ್ತಾರೆ, ಮರಾಠಿಯವರೂ ಅನ್ನುತ್ತಾರೆ. ಮಾವಶಿ ಅಂದರೆ ಮರಾಠಿ ಕಡೆ ವಾಲಿತು. ಅಕ್ಕಾ ಅಂದರೆ ಎಲ್ಲಿಗೂ ವಾಲಲಿಲ್ಲ. ಆದ್ದರಿಂದ "ಅಕ್ಕಾ" ಎಂದಷ್ಟೇ ಹೇಳಿ ನಿಲ್ಲಬೇಕು. ಎರಡು ಎಣಿಸುವಷ್ಟು ಹೊತ್ತು. "ಹೇಳ್ರಿ" ಎಂದು ಬಂದರೆ ಕನ್ನಡ. "ಬೋಲಾ" ಎಂದು ಬಂದರೆ ಮರಾಠಿ. ನಾವು ಕೆಡುವುದು ಆ ನಿಲ್ಲುವಿಕೆಯಲ್ಲಿ. ನಮಗೆ ಅವಸರ. "ಅಕ್ಕಾ ಹೆಂಗ ಕೊಟ್ರಿ" ಎಂದು ಒಂದೇ ಏಟಿಗೆ ಹೇಳಿ ಮುಗಿಸುತ್ತೇವೆ.

ಈ ದಾರಿಗೂ ಮಿತಿ ಇದೆ. ವ್ಯಾಪಾರಿ ನಿಮ್ಮನ್ನು ನೋಡಿ ಊಹೆ ಮಾಡಿ ಉತ್ತರ ಕೊಡಬಹುದು. ಆಗ ಅದು ಅವರ ಮನೆಮಾತಲ್ಲ, ನಿಮ್ಮದೆಂದು ಅವರು ತಿಳಿದ ಮಾತು. ಅದಕ್ಕೇ, ಸಾಧ್ಯವಾದರೆ, ನಿಮಗಿಂತ ಮೊದಲು ಬಂದ ಗಿರಾಕಿಯ ಹಿಂದೆ ಅರ್ಧ ನಿಮಿಷ ನಿಲ್ಲಿ. ಅವರು ಪಕ್ಕದ ಗಾಡಿಯವರ ಜೊತೆ ಏನು ಮಾತಾಡುತ್ತಾರೆ, ಚಿಲ್ಲರೆ ಎಣಿಸುವಾಗ ತಮ್ಮಷ್ಟಕ್ಕೆ ಏನು ಗುನುಗುತ್ತಾರೆ ಕೇಳಿ. ಗಿರಾಕಿಗೆ ಹೇಳುವ ದರಕ್ಕಿಂತ ಈ ಗುನುಗು ಜಾಸ್ತಿ ನಂಬಿಕೆಯದು.

ಇಷ್ಟು ಹೇಳಿದ ಮೇಲೆ, ಮಾಂಟ್ರಿಯಲ್ ಅನ್ನು ಜಾಸ್ತಿ ಹೊಗಳಿದೆ ಎಂದು ಒಪ್ಪಲೇಬೇಕು. ಆ "ಹಾಯ್" ಅಲ್ಲಿಯೂ ಎಲ್ಲರಿಗೂ ಹಿತವಲ್ಲ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ 1977ರಲ್ಲೇ ಫ್ರೆಂಚ್ ಉಳಿಸಲು ಕಾಯ್ದೆ ಮಾಡಿಕೊಂಡಿದೆ. 2017ರ ನವೆಂಬರಿನಲ್ಲಿ ಅಲ್ಲಿನ ಶಾಸನಸಭೆ, ಅಂಗಡಿಯವರು "ಬೊಂಝೂರ್" ಒಂದನ್ನೇ ಹೇಳಲಿ ಎಂದು ಒಂದು ಗೊತ್ತುವಳಿ ಮಾಡಿತು. 111 ಮತ ಪರ, ವಿರೋಧಕ್ಕೆ ಒಂದೂ ಇಲ್ಲ. ಅದು ಕಾಯ್ದೆಯಲ್ಲ, ಬರೀ ಕೋರಿಕೆ. ಆದರೂ ಎರಡು ಅಕ್ಷರದ ಮಾತು ಅಲ್ಲಿಗೆ ಹೋಯಿತಲ್ಲ! ಮೊದಮೊದಲು ಅವರ ಹಟ ಅನ್ನಿಸಿತ್ತು. ಬೆಳಗಾವಿಯಲ್ಲಿ ಕನ್ನಡಕ್ಕಾಗಿ ತಳಮಳಿಸುವ ನಾನು ಅದನ್ನು ಹಟ ಎನ್ನುವುದು ಹೇಗೆ? ಸುತ್ತಲಿನ ದೊಡ್ಡ ಭಾಷೆ ಒಳಗೆ ಬರುವುದು ಇಂಥ ಸಣ್ಣ ಬಾಗಿಲಿನಿಂದಲೇ.

ಅಲ್ಲಿಯ ಇನ್ನೊಂದು ನೋವೂ ನನಗೆ ಗೊತ್ತು. ನಾನು ಕಷ್ಟಪಟ್ಟು ಫ್ರೆಂಚಿನಲ್ಲಿ ಬ್ರೆಡ್ ಕೇಳುತ್ತೇನೆ. ನನ್ನ ಉಚ್ಚಾರ ಕೇಳಿದ ಕೂಡಲೇ ಹುಡುಗಿ ಇಂಗ್ಲಿಷಿಗೆ ತಿರುಗುತ್ತಾಳೆ. ಅವಳಿಗೆ ಅದು ಉಪಕಾರ. ನನಗೆ ಮುಖದ ಮೇಲೆ ಬಾಗಿಲು ಹಾಕಿದಂತೆ. ಗಣಪತ ಗಲ್ಲಿಯ ಆ ಹೆಂಗಸು ಹತ್ತು ನಿಮಿಷ ನನ್ನ ಹರಕು ಮರಾಠಿ ಸಹಿಸಿಕೊಂಡರು. ಒಮ್ಮೆಯೂ ನಿಮ್ಮ ಮರಾಠಿ ಸಾಲದು ಎಂಬಂತೆ ನೋಡಲಿಲ್ಲ. ಅಷ್ಟು ಸೈರಣೆ ನನಗೆ ಮಾಂಟ್ರಿಯಲ್‌ನಲ್ಲಿ ಸಿಕ್ಕಿಲ್ಲ.

ಟಿಳಕವಾಡಿಯ ನನ್ನ ಬಾಲ್ಯದ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನದು ಮರಾಠಿ ಮನೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ನೀ ಕನ್ನಡದಾಗ ಸುರು ಮಾಡಿದ್ರ ನನಗ ಏನೂ ಇಲ್ಲಪಾ. ನಾ ಮರಾಠಿಯೊಳಗ ಉತ್ತರಾ ಕೊಟ್ಟಾಗ ನಿನ್ನ ಮಾರಿ ಬದಲಾದ್ರ, ಅದು ಹತ್ತತದ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮುಖ ಎಷ್ಟು ಸಲ ಬದಲಾಗಿದೆಯೋ ನೆನಪಿಸಿಕೊಳ್ಳಲು ಹೋಗಿ ನಿಲ್ಲಿಸಿದೆ.

ಹೊರಡುವ ಹಿಂದಿನ ದಿನ ಮತ್ತೆ ಗಣಪತ ಗಲ್ಲಿಗೆ ಹೋದೆ. ಅವರು ಒಬ್ಬ ಮುದುಕರ ಜೊತೆ ಉರ್ದುವಿನಲ್ಲಿ ದರದ ಮಾತಾಡುತ್ತಿದ್ದರು. ನಾನು "ಅಕ್ಕಾ" ಎಂದಷ್ಟೇ ಹೇಳಿ ನಿಂತೆ. ಅವರು ತಲೆ ಎತ್ತಿದರು. "ಬಂದ್ರ್ಯಾ ಬೈಲಹೊಂಗಲದವ್ರ? ಬರ್ರಿ, ಈ ಸಲ ಹಣ್ಣ ಚಲೋ ಬಂದಾವ."