ಕರಗಲಿ ಬಿಡಿ

"ಬೇಗ ಕುಡಿದುಬಿಡಪ್ಪ, ಐಸ್ ಕರಗಿಬಿಡುತ್ತೆ" ಎಂದರು ಅತ್ತಿಗೆ, ಗ್ಲಾಸು ಕೈಗಿಡುತ್ತ.

ಕುಡಿಯುವ ವಸ್ತುವನ್ನು ಕೊಟ್ಟು ಅದರ ಬೆನ್ನಿಗೇ ಗಡುವನ್ನೂ ಕೊಡುವುದು ಯಾವ ಸೀಮೆಯ ಉಪಚಾರ? ಕಾಫಿಯನ್ನು ನಿಧಾನವಾಗಿ ಕುಡಿಯಬೇಕೆಂಬ ಒಂದೇ ಕಾರಣಕ್ಕೆ ಕಾಫಿ ಕುಡಿಯುವವರಲ್ಲಿ ನಾನೂ ಒಬ್ಬ. ಅಷ್ಟರಲ್ಲಿ ಐಸ್ ಆಗಲೇ ಅರ್ಧ ಕರಗಿತ್ತು. ಮೊದಲ ಗುಟುಕು ಉಗುರುಬೆಚ್ಚಗಿತ್ತು, ನೀರುನೀರಾಗಿತ್ತು. ತಣ್ಣಗಿದ್ದು ನೀರಾಗಿದ್ದರೆ ಕ್ಷಮಿಸಬಹುದು, ಬೆಚ್ಚಗಿದ್ದು ಗಟ್ಟಿಯಾಗಿದ್ದರೆ ಮೆಚ್ಚಲೂಬಹುದು. ಎರಡು ಅನಿಷ್ಟವೂ ಒಂದೇ ಗ್ಲಾಸಿನಲ್ಲಿ ಒಟ್ಟಿಗೆ ಕೂತಿದ್ದವು. "ಇನ್ನೊಂದೆರಡು ತುಂಡು ಹಾಕ್ಲಾ?" ಎಂದು ಅತ್ತಿಗೆ ಪ್ರೀತಿಯಿಂದಲೇ ಕೇಳಿದರು. ನಾನು ಅಷ್ಟೇ ಪ್ರೀತಿಯಿಂದ ಬೇಡವೆಂದೆ.

ಅವರ ಮಾತಿನಲ್ಲಿ ನನ್ನನ್ನು ಕೆಣಕಿದ್ದು ಐಸ್ ಕರಗುವುದೊಂದು ಅಪಘಾತವೆಂಬ ಧಾಟಿ. ಫಿಲ್ಟರ್ ಪೇಪರಿನಲ್ಲಿಟ್ಟ ಪುಡಿಯ ಮೇಲೆ ಬಿಸಿನೀರು ಸುರಿದು, ಇಳಿಯುವ ಕಾಫಿಯನ್ನು ನೇರ ಐಸಿನ ಮೇಲೆ ಸೋಸಿ ಕ್ಷಣದಲ್ಲಿ ತಣಿಸುವ ಪದ್ಧತಿಯಲ್ಲಿ ಐಸ್ ಹಾಕುವುದೇ ಕರಗಲಿ ಅಂತ. ಕರಗದೆ ಉಳಿದರೆ ಅದು ಕೆಲಸ ಮಾಡಿಲ್ಲವೆಂದು ಅರ್ಥ. ಕರಗಿ ನೀರಾಗುವುದು ಮೊದಲೇ ಗೊತ್ತಿದ್ದ ಮೇಲೆ, ಆ ನೀರನ್ನು ಮೊದಲೇ ಲೆಕ್ಕದಿಂದ ಕಳೆದಿಟ್ಟರಾಯಿತು. 500 ಗ್ರಾಂ ನೀರಿನಲ್ಲಿ ಮಾಡುವ ಕಾಫಿಗೆ 300 ಗ್ರಾಂ ಬಿಸಿನೀರನ್ನಷ್ಟೇ ಸುರಿಯಬೇಕು. ಮಿಕ್ಕ 200 ಗ್ರಾಂ ಐಸಿನ ವೇಷದಲ್ಲಿ ಕೆಳಗೆ ಜಗ್ಗಿನಲ್ಲಿ ಕಾದು ಕೂತಿರಬೇಕು. ಪುಡಿ ಮಾತ್ರ 500ರ ಲೆಕ್ಕದ್ದೇ, 30 ಗ್ರಾಂ. ಇಷ್ಟೇ ಸಂಗತಿ. ಇದನ್ನು ಹೇಳುವವರು ಯಾಕೆ "ನಾಲ್ಕೈದು ಐಸ್ ತುಂಡು", "ಒಂದು ಹಿಡಿ ಐಸ್" ಎಂದು ಬರೆಯುತ್ತಾರೋ ನನಗೆ ತಿಳಿಯದು. ಯಾರ ಹಿಡಿ? ಯಾವ ಟ್ರೇಯ ತುಂಡು? ಪುಡಿಯನ್ನು ಅರ್ಧ ಗ್ರಾಂ ಆಚೀಚೆಯಾಗದಂತೆ ತೂಗುವವರು ಐಸಿನ ಹತ್ತಿರ ಬಂದಕೂಡಲೇ ದಾನಶೂರರಾಗಿಬಿಡುತ್ತಾರೆ.

ಐಸ್ ಎಷ್ಟು ಶಾಖವನ್ನು ನುಂಗುತ್ತದೆ ಎಂದು ಮೊದಲು ಅಳೆದವರ ವಿಷಯ ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಬ್ಲ್ಯಾಕ್ ಎಂಬ ಮಹಾಶಯರು ಅವರು. ಮಂಜುಗಡ್ಡೆ ಕರಗುವ ಹಂತಕ್ಕೆ ಬಂದಿತೆಂದರೆ ಇನ್ನೊಂದು ಚೂರು ಶಾಖ ತಾಗಿದರೆ ಸಾಕು, ಪೂರ್ತಿ ನೀರಾಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಬ್ಲ್ಯಾಕ್ ಅವರ ತಕರಾರು ಸರಳವಾಗಿತ್ತು. ಹಾಗಿದ್ದಿದ್ದರೆ ಚಳಿಗಾಲ ಕಳೆದು ಬಿಸಿಲು ಬಂದ ಮೊದಲ ದಿನವೇ ಬೆಟ್ಟದ ಹಿಮವೆಲ್ಲ ಒಮ್ಮೆಲೇ ನೀರಾಗಿ ಊರುಗಳನ್ನು ಕೊಚ್ಚಿಕೊಂಡು ಹೋಗಬೇಕಿತ್ತಲ್ಲ? ಹೋಗುವುದಿಲ್ಲ. ಹಿಮ ವಾರಗಟ್ಟಲೆ ಕೂತು ಕರಗುತ್ತದೆ. ಅಂದರೆ ಅದು ಶಾಖವನ್ನು ನುಂಗುತ್ತಿದೆ, ಆದರೆ ಬೆಚ್ಚಗಾಗುತ್ತಿಲ್ಲ. ಥರ್ಮಾಮೀಟರಿಗೆ ಕಾಣದ ಈ ಶಾಖಕ್ಕೆ ಅವರು ಗುಪ್ತ ಶಾಖವೆಂದು ಹೆಸರಿಟ್ಟರು.

ಅವರು ಮಾಡಿದ ಒಂದು ಪ್ರಯೋಗ ಓದಿದಾಗ ನನಗೆ ರೋಮಾಂಚನವಾಯಿತು. ಸುಮಾರು 88 ಡಿಗ್ರಿ ಬಿಸಿಯ ನೀರಿಗೆ, ಅದಕ್ಕಿಂತ ತುಸು ಕಡಿಮೆ ತೂಕದ ಐಸ್ ಗಡ್ಡೆಯನ್ನು ಹಾಕಿದರು. ಬರೀ ಸರಾಸರಿ ಹಾಕಿದರೆ 47ರ ಹತ್ತಿರ ನಿಲ್ಲಬೇಕಿತ್ತು. ನಿಂತದ್ದು ಸುಮಾರು 12ಕ್ಕೆ. ಪುಡಿಯೊಂದು ಇರಲಿಲ್ಲ ಅನ್ನುವುದು ಬಿಟ್ಟರೆ ಅದು ಸಾಕ್ಷಾತ್ ಐಸ್ ಕಾಫಿ! ಅಷ್ಟು ಹತ್ತಿರ ಬಂದು ಆ ಪುಣ್ಯಾತ್ಮರು ಕಾಫಿಪುಡಿಯ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ಅಳತೆಯಿಂದ ಅವರು ಹಾಕಿದ ಲೆಕ್ಕ ಇಂದಿನ ಲೆಕ್ಕಕ್ಕೆ ಕೂದಲೆಳೆಯಷ್ಟು ದೂರವಿದೆ. ಇಷ್ಟೆಲ್ಲ ಮಾಡಿಯೂ ಅವರು ಇದನ್ನು ಪುಸ್ತಕವಾಗಿ ಅಚ್ಚು ಹಾಕಿಸುವ ಗೋಜಿಗೆ ಹೋಗಲಿಲ್ಲ. ಉಪನ್ಯಾಸಗಳು ಅಚ್ಚಾದದ್ದು ಅವರು ಹೋದ ಮೇಲೆ, 1803ರಲ್ಲಿ. 1799ರಲ್ಲಿ ಅವರು ತೀರಿಕೊಂಡಾಗ ಕುರ್ಚಿಯಲ್ಲಿ ಕೂತಿದ್ದರಂತೆ, ತೊಡೆಯ ಮೇಲಿದ್ದ ಹಾಲಿನ ಬಟ್ಟಲಿನಿಂದ ಒಂದು ತೊಟ್ಟೂ ಚೆಲ್ಲಿರಲಿಲ್ಲವಂತೆ. ಕತೆ ನಿಜವೋ ಕಟ್ಟಿದ್ದೋ, ಅಳತೆಯ ಮನುಷ್ಯನಿಗೆ ಒಪ್ಪುವಂಥದ್ದು. ನಮ್ಮಲ್ಲಿ ಬದುಕಿರುವವರೇ ಫ್ರಿಜ್ಜಿನಿಂದ ಮೇಜಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತಾರೆ.

ಅವರು ಬಿಟ್ಟುಹೋದ ಲೆಕ್ಕವನ್ನು ನಮ್ಮ ಭಾಷೆಯಲ್ಲಿ ಹೇಳಿದರೆ ಹೀಗೆ: ಒಂದು ಗ್ರಾಂ ಐಸ್ ಕರಗಲು ಬೇಕಾದ ಶಾಖವೂ, ಒಂದು ಗ್ರಾಂ ನೀರು 80 ಡಿಗ್ರಿಯಷ್ಟು ತಣಿಯುವಾಗ ಬಿಟ್ಟುಕೊಡುವ ಶಾಖವೂ ಒಂದೇ. ಫಿಲ್ಟರ್ ಪೇಪರಿನಿಂದ ತೊಟ್ಟಿಕ್ಕುವ ಕಾಫಿ ಕೂಡ ಹೆಚ್ಚುಕಡಿಮೆ 80 ಡಿಗ್ರಿಯದ್ದೇ ಇರುತ್ತದೆ. ಹಾಗಾಗಿ ಕೆಳಗೆ ಬೀಳುವ ಪ್ರತಿ ತೊಟ್ಟೂ ತನ್ನಷ್ಟೇ ತೂಕದ ಐಸನ್ನು ಕರಗಿಸಿ ತಾನು ಕೊರೆಯುವಷ್ಟು ತಣ್ಣಗಾಗುತ್ತದೆ. ಪ್ರಕೃತಿ ಇಷ್ಟು ಸುಲಭದ ಲೆಕ್ಕವನ್ನು ಬೇರೆಲ್ಲೂ ಕೊಟ್ಟಂತಿಲ್ಲ.

ಈಗ ನಮ್ಮ ಜಗ್ಗಿಗೆ ಬನ್ನಿ. ಸುರಿದ 300 ಗ್ರಾಮಿನಲ್ಲಿ ಸುಮಾರು 60 ಗ್ರಾಮನ್ನು ಚರಟವೇ ಹೀರಿಕೊಂಡು ಕೂರುತ್ತದೆ. ಒಂದು ಗ್ರಾಂ ಪುಡಿ ಎರಡು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುವುದು ಅದರ ಹುಟ್ಟುಗುಣ. ಕೆಳಗೆ ಬೀಳುವುದು 240 ಗ್ರಾಂ. ಅದಕ್ಕೆ 240 ಗ್ರಾಂ ಐಸ್ ಕರಗಿಸುವ ತಾಕತ್ತಿದೆ, ಇರುವುದು 200 ಮಾತ್ರ. ಎಲ್ಲವೂ ಕರಗಿ, ಮಿಕ್ಕ ಶಾಖ ಅಷ್ಟೂ ಕಾಫಿಗೆ ಹಂಚಿಹೋಗಿ, 440 ಗ್ರಾಂ ಪಾನೀಯ ಏಳು ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ. ಫ್ರೀಜರಿನ ಐಸ್ ಸೊನ್ನೆಗಿಂತ ಕೆಳಗಿರುವುದರಿಂದ ಇನ್ನೂ ಸ್ವಲ್ಪ ತಣ್ಣಗಾಗಬೇಕು ನಿಜ, ಆದರೆ ಜಗ್ಗಿನ ಗಾಜಿನಲ್ಲಿರುವ ಬಿಸುಪು ಆ ಲಾಭವನ್ನು ಬಹುಪಾಲು ತಿಂದುಹಾಕುತ್ತದೆ.

ಅತ್ತಿಗೆಯ ಗ್ಲಾಸಿಗೆ ಏನಾಗಿತ್ತೆಂದು ಇದೇ ಲೆಕ್ಕ ಹೇಳುತ್ತದೆ. ಅವರು 500 ಗ್ರಾಂ ನೀರಿಗೂ ಅದೇ 30 ಗ್ರಾಂ ಪುಡಿ ಹಾಕಿ ಬಿಸಿ ಕಾಫಿ ಮಾಡಿ, ಅದರ ಮೇಲೆ 200 ಗ್ರಾಂ ಐಸ್ ಹಾಕಿದ್ದರು ಅನ್ನಿ. ಪಾನೀಯ 640 ಗ್ರಾಂ ಆಗುತ್ತದೆ, ಶಾಖ 30 ಡಿಗ್ರಿಗೆ ನಿಲ್ಲುತ್ತದೆ. ತಣಿಸಬೇಕೆಂದು ಇನ್ನಷ್ಟು ಐಸ್ ಹಾಕಿದರೆ ಇನ್ನಷ್ಟು ನೀರು. ಅಲ್ಲಿಂದ ಪಾರಾಗುವ ದಾರಿ ಇಲ್ಲ, ಹೊರಟ ಜಾಗವೇ ತಪ್ಪು.

ಹಾಗಂತ ಐಸಿನ ಪಾಲನ್ನು ಮನಬಂದಂತೆ ಏರಿಳಿಸುವಂತಿಲ್ಲ. 120 ಗ್ರಾಮಿಗೆ ಇಳಿಸಿ ಬಿಸಿನೀರು ಹೆಚ್ಚಿಸಿದರೆ ಜಗ್ಗು 36 ಡಿಗ್ರಿಯಲ್ಲಿ, ಅಂದರೆ ಸುಮಾರು ಮೈಬಿಸಿಯಲ್ಲಿ ನಿಲ್ಲುತ್ತದೆ. ಐಸನ್ನು ಒಟ್ಟು ನೀರಿನ ಅರ್ಧದಷ್ಟಕ್ಕೆ ಏರಿಸಿದರೆ ಒಂದಿಷ್ಟು ಕರಗದೆ ತೇಲುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಪುಡಿಯ ಸತ್ವ ಎಳೆಯಲು ಇದ್ದ ನೀರೇ ಕಡಿಮೆಯಾಗುತ್ತದೆ. 300 ಗ್ರಾಂ ಬಿಸಿನೀರು ಕೂಡ 500 ಮಾಡುವ ಕೆಲಸವನ್ನು ಹೆಣಗಿಯೇ ಮಾಡಬೇಕು. ಅದಕ್ಕೇ ಪುಡಿಯನ್ನು ಮಾಮೂಲಿಗಿಂತ ಒಂದು ಹಂತ ನುಣ್ಣಗೆ ಬೀಸಬೇಕು, ನೀರನ್ನು ಕುದಿಯ ಹತ್ತಿರದ ಬಿಸಿಯಲ್ಲೇ ಸುರಿಯಬೇಕು. ಮೊದಲು ಪುಡಿ ನೆನೆಯುವಷ್ಟು ಸುರಿದು ಅರ್ಧ ಮುಕ್ಕಾಲು ನಿಮಿಷ ಬಿಟ್ಟು, ಮಿಕ್ಕದ್ದನ್ನು ಅವಸರಿಸದೆ ಕಂತುಗಳಲ್ಲಿ ಹಾಕಬೇಕು.

ತೆಳುವಾದರೆ ಎಲ್ಲರೂ ಐಸಿನ ಮೇಲೆ ಗೂಬೆ ಕೂರಿಸುತ್ತಾರೆ. ಯಾರ ತಪ್ಪೆಂದು ನಾಲಿಗೆಯೇ ಹೇಳುತ್ತದೆ. ತೆಳು ಜೊತೆಗೆ ಚುರುಕಾದ ಹುಳಿ ಇದ್ದರೆ ಪುಡಿ ದಪ್ಪವಾಯಿತು, ಸತ್ವ ಇಳಿದಿಲ್ಲ. ರುಚಿ ಸಮನಾಗಿಯೇ ಇದ್ದು ದೂರದಿಂದ ಕೂಗಿದಂತಿದ್ದರೆ ನೀರು ಹೆಚ್ಚಾಯಿತು. ಆಗ ಜಗ್ಗನ್ನು ತೂಗಿ ನೋಡಿ, 440ರ ಬದಲು 480 ಇದ್ದರೆ ಕಳ್ಳ ಸಿಕ್ಕಿಬಿದ್ದಂತೆ. ತೂಕವೆಲ್ಲ ಸರಿಯಿದ್ದೂ ಕಾಫಿ ಸಾಕಷ್ಟು ತಣಿಯದಿದ್ದರೆ ಐಸನ್ನು ಅನುಮಾನಿಸಬೇಕು. ಮೊದಲೇ ಹೊರಗೆ ತೆಗೆದಿಟ್ಟು ಮೈಯೆಲ್ಲ ಒದ್ದೆಯಾದ ಐಸ್ ತಕ್ಕಡಿಯಲ್ಲಿ 200 ತೋರಿಸುತ್ತದೆ, ಅದರಲ್ಲಿ 20 ಆಗಲೇ ನೀರು. ಆ ನೀರು ಕಾಫಿಯನ್ನು ತೆಳು ಮಾಡುತ್ತದೆ, ತಣಿಸುವ ಕೆಲಸಕ್ಕೆ ಮಾತ್ರ ಬರುವುದಿಲ್ಲ. ಇಂಥವರು ಎಲ್ಲ ಕಡೆ ಇರುತ್ತಾರೆ.

ಇನ್ನು ಕುಡಿಯುವ ಗ್ಲಾಸಿಗೆ ಹಾಕುವ ಐಸ್. ಅದರ ಖಾತೆ ಬೇರೆ, ಜಗ್ಗಿನದಕ್ಕೆ ಸೇರಿಸಬಾರದು. ಆಗಲೇ ಏಳು ಡಿಗ್ರಿಯಲ್ಲಿರುವ ಕಾಫಿ ಅರ್ಧ ಜಗ್ಗಿನಷ್ಟಕ್ಕೆ ಇಪ್ಪತ್ತು ಗ್ರಾಮನ್ನೂ ಕರಗಿಸದೆ ಸುಮ್ಮನಾಗುತ್ತದೆ. ಆಮೇಲೆ ಕರಗುವುದು ಕೋಣೆಯ ಶಾಖಕ್ಕೆ, ಅದೂ ನಿಧಾನಕ್ಕೆ. ನನ್ನಂತೆ ಗಂಟೆಗಟ್ಟಲೆ ಹೀರುವವರು ಬಿಸಿನೀರಿನಲ್ಲಿ ಇಪ್ಪತ್ತು ಮೂವತ್ತು ಗ್ರಾಂ ಮೊದಲೇ ಕಡಿಮೆ ಸುರಿದುಕೊಂಡರೆ ಯಾರ ಗಡುವಿಗೂ ಕಾಯಬೇಕಿಲ್ಲ. ಸಕ್ಕರೆ ಬೇಕೆನ್ನುವವರು ಅದನ್ನು ಬಿಸಿ ಕಾಫಿ ಬೀಳುವ ಮೊದಲೇ ಜಗ್ಗಿಗೆ ಹಾಕಿಡಲಿ. ತಣ್ಣಗಾದ ಮೇಲೆ ಹಾಕಿ ಚಮಚ ತಿರುವುತ್ತ ಕಿಣಿಕಿಣಿ ಮಾಡುವುದನ್ನು ನಾನು ಸಹಿಸಲಾರೆ.

ಇಷ್ಟೆಲ್ಲ ಯಾಕೆ, ರಾತ್ರಿಯಿಡೀ ತಣ್ಣೀರಿನಲ್ಲಿ ಪುಡಿ ನೆನೆಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಅದು ನಯವಾದ, ಹುಳಿ ಕಡಿಮೆಯ, ಮಾತು ಕಡಿಮೆಯ ಕಾಫಿ. ತಣ್ಣೀರು ಮುಟ್ಟಲಾರದ್ದನ್ನು ಬಿಸಿನೀರು ಪುಡಿಯಿಂದ ಎಳೆದು ತರುತ್ತದೆ. ಹಾಗೆ ಬಂದ ಘಮ ಹಬೆಯಾಗಿ ಹಾರಿಹೋಗುವ ಮುನ್ನ ಐಸ್ ಅದನ್ನು ತಡೆಯುತ್ತದೆ. ಈ ಘಮದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದೇ ನಾನು ನಿಜಕ್ಕೂ ಕೂತಿದ್ದು.

ಆದರೆ ಘಮವೆಂದ ತಕ್ಷಣ ನಮ್ಮ ಫ್ರೀಜರ್ ನೆನಪಾಗಿ ಮನಸ್ಸು ಕೆಡುತ್ತದೆ. ಒಟ್ಟು ನೀರಿನ ಐದರಲ್ಲಿ ಎರಡು ಪಾಲು ಐಸ್ ತಾನೇ? ಆ ಐಸ್ ತಿಂಗಳುಗಟ್ಟಲೆ ಬಾಯಿ ತೆರೆದ ಟ್ರೇಯಲ್ಲಿ, ಹೆಚ್ಚಿಟ್ಟ ಈರುಳ್ಳಿಯ ಪಕ್ಕದಲ್ಲಿ ಮಲಗಿರುತ್ತದೆ, ಪಕ್ಕದವರ ವಾಸನೆಯನ್ನೆಲ್ಲ ಮೈಗೆ ಹಚ್ಚಿಕೊಂಡಿರುತ್ತದೆ. ಕಾಫಿ ಮಾಡುವ ನೀರನ್ನು ಸೋಸಿ ಸೋಸಿ ಇಡುವವರು ಕೂಡ ಈ ಐಸನ್ನು ಮೂಸಿ ನೋಡುವುದಿಲ್ಲ. ನಾನು ಮುಚ್ಚಳವಿರುವ ಟ್ರೇ ತಂದು, ಕುಡಿಯುವ ನೀರನ್ನೇ ತುಂಬಿಸಿ ಇಟ್ಟೆ. ಟ್ರೇ ಈಗಲೂ ಫ್ರೀಜರಿನಲ್ಲಿದೆ. ಮುಚ್ಚಳ ಮಾತ್ರ ಈರುಳ್ಳಿಯ ಡಬ್ಬಿಗೆ ಸರಿಯಾಗಿ ಕೂರುತ್ತದೆಂದು ಮನೆಯವರು ಕಂಡುಹಿಡಿದಿದ್ದಾರೆ.