ಪಾಸ್‌ಬುಕ್ಕಿಗೆ ಗೊತ್ತಿಲ್ಲದ ಚೆಕ್ಕು

ನಮ್ಮ ರಾಜ್ಯದಲ್ಲಿ ಸುಳ್ಳು ಹೇಳುವುದಕ್ಕೂ ಸ್ಟ್ಯಾಂಪ್ ಡ್ಯೂಟಿ ಇದೆ. ಕಟ್ಟಿದರೆ ರಸೀದಿ ಕೊಡುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಕ್ಯಾಮೆರಾದ ಮುಂದೆ ಕೂರಿಸಿ ಫೋಟೋನೂ ಹಿಡಿಯುತ್ತಾರೆ. ಕ್ರಯಪತ್ರ ಅಂದಮೇಲೆ ಈ ವಾಕ್ಯ ಇದ್ದೇ ಇರಬೇಕು: "ಕ್ರಯದ ಮೊಬಲಗು ಪೂರಾ ಈ ಕೆಳಕಂಡ ಸಾಕ್ಷಿಗಳ ಸಮಕ್ಷಮ ನಿಮ್ಮಿಂದ ನಮಗೆ ಸಂದಾಯವಾಗಿರುತ್ತದೆ, ಇನ್ನು ಯಾವ ಬಾಕಿಯೂ ಇರುವುದಿಲ್ಲ." ಈ ಸಾಕ್ಷಿಗಳಲ್ಲಿ ಒಬ್ಬ ಬ್ರೋಕರಿನ ಡ್ರೈವರ್. ಇನ್ನೊಬ್ಬ ಎದುರುಗಡೆ ಜೆರಾಕ್ಸ್ ಅಂಗಡಿಯ ಹುಡುಗ, ಅವನು ದಿನಕ್ಕೆ ಎಷ್ಟು ಕೋಟಿ ಸಂದಾಯವಾಗುವುದನ್ನು ಕಣ್ಣಾರೆ ಕಾಣುತ್ತಾನೋ ದೇವರೇ ಬಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ. ಕಳೆದ ವರ್ಷ ಅವರ ತಂಗಿಯ ಮಗಳು ಬೆಂಗಳೂರಿನಲ್ಲಿ ಒಂದು ಹಳೇ ಮನೆ ಕೊಳ್ಳಲು ಹೊರಟಳು. ಮಾತಾಡಿದ ಬೆಲೆ 90 ಲಕ್ಷ. ಕ್ರಯಪತ್ರದ ಡ್ರಾಫ್ಟಿನಲ್ಲಿದ್ದದ್ದು 60 ಲಕ್ಷ, ಒಂದು ರೂಪಾಯಿ ಆಚೆಯಿಲ್ಲ ಈಚೆಯಿಲ್ಲ, ಸರ್ಕಾರದ ಮಾರ್ಗಸೂಚಿ ದರದಲ್ಲಿ ಲೆಕ್ಕ ಹಾಕಿದರೆ ಬರುವ ಮೊತ್ತವೇ. ಎರಡು ಕಡೆಯವರು ತಿಂಗಳುಗಟ್ಟಲೆ ಚೌಕಾಸಿ ಮಾಡಿ ಕೊನೆಗೆ ಸರ್ಕಾರ ಹೇಳಿದ ಅಂಕಿಗೇ ಬಂದು ನಿಲ್ಲುವ ಪವಾಡ ಈ ದೇಶದಲ್ಲಿ ದಿನಾ ನಡೆಯುತ್ತದೆ.

ಹಣದ ವಿವರ ಡ್ರಾಫ್ಟಿನಲ್ಲಿ ಹೀಗಿತ್ತು: ಮುಂಗಡ ಚೆಕ್ಕಿನ ಮೂಲಕ 5 ಲಕ್ಷ, ಆರ್‌ಟಿಜಿಎಸ್ ಮೂಲಕ 15 ಲಕ್ಷ, ಸಾಲ ಕೊಡುವ ಬ್ಯಾಂಕಿನ ಡಿಡಿ 40 ಲಕ್ಷ. ಕೂಡಿದರೆ 60. ಪತ್ರ ಬರಹಗಾರರ ಪ್ರಕಾರ ಕೂಡುವ ಲೆಕ್ಕ ಸರಿಯಾದರೆ ಪತ್ರವೂ ಸರಿ. ನಮ್ಮ ಅಧಿಕಾರಿಗಳು ಮಾತ್ರ ಸೋದರಸೊಸೆಯ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ, ಪತ್ರದ ಪಕ್ಕದಲ್ಲಿಟ್ಟು, ಸ್ಕೇಲು ಹಿಡಿದು ಸಾಲು ಸಾಲಾಗಿ ಟಿಕ್ ಹಾಕಲು ಶುರು ಮಾಡಿದರು. ಬ್ರೋಕರಿಗೆ ಮೈಮೇಲೆ ಹುಳ ಬಿಟ್ಟಂತಾಯಿತು.

5 ಲಕ್ಷದ ಚೆಕ್ಕು ಸ್ಟೇಟ್‌ಮೆಂಟಿನಲ್ಲಿ ಎಲ್ಲೂ ಖರ್ಚಾಗಿರಲಿಲ್ಲ. "ಅದು ಬರೀ ನಂಬಿಕೆಗೆ ಕೊಟ್ಟಿದ್ದು ಸಾರ್. ಆಮೇಲೆ ಮೇಡಮ್ಮೋರು ಕ್ಯಾಶ್ ಕೊಟ್ರಲ್ಲ, ಚೆಕ್ಕು ವಾಪಸ್ ತಗೊಂಡ್ರು," ಅಂದ ಬ್ರೋಕರ್. ಅಂದರೆ ನಂಬರು, ತಾರೀಖು, ಶಾಖೆಯ ಹೆಸರು ಸಮೇತ ಸಾಕ್ಷಿಗಳ ಸಮಕ್ಷಮ ಸಂದಾಯವಾಗಿದ್ದ ಚೆಕ್ಕು, ಸೊಸೆಯ ವ್ಯಾನಿಟಿ ಬ್ಯಾಗಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು!

ಆರ್‌ಟಿಜಿಎಸ್ ಸಾಲು ಇನ್ನೂ ಸೊಗಸು. ಯುಟಿಆರ್ ನಂಬರು ಸರಿಯಿದೆ, ತಾರೀಖೂ ಸರಿಯಿದೆ, ಆದರೆ ಹೋಗಿದ್ದು 15 ಲಕ್ಷವಲ್ಲ, 14 ಲಕ್ಷದ 40 ಸಾವಿರ. ಮನೆಯವರೆಲ್ಲ ಗಾಬರಿಬಿದ್ದದ್ದು ಇದಕ್ಕೇ. ಪಾಪ, ಇಡೀ ಪತ್ರದಲ್ಲಿ ಸಾಚಾ ಆಗಿದ್ದ ವ್ಯತ್ಯಾಸ ಇದೊಂದೇ. 50 ಲಕ್ಷ ಮುಟ್ಟಿದ ಆಸ್ತಿ ಕೊಳ್ಳುವವರು ಬೆಲೆಯಲ್ಲಿ ಶೇಕಡಾ 1ರಷ್ಟು ಟಿಡಿಎಸ್ ಹಿಡಿದುಕೊಂಡು, ಮಾರುವವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. 60 ಲಕ್ಷಕ್ಕೆ 60 ಸಾವಿರ. ಇದನ್ನು ಕಟ್ಟಿದ ಸ್ವೀಕೃತಿ ಸಂಖ್ಯೆಯೊಂದಿಗೆ ಪತ್ರದಲ್ಲಿ ಪ್ರತ್ಯೇಕ ಸಾಲಾಗಿ ಬರೆದರೆ ಪತ್ರವೂ ಪಾಸ್‌ಬುಕ್ಕೂ ಕೈಕೈ ಹಿಡಿದು ನಡೆಯುತ್ತವೆ. ಬರೆಯದೆ ಬಿಟ್ಟರೆ ನೆಟ್ಟಗೆ ತೆರಿಗೆ ಕಟ್ಟಿದವರೇ ಕಳ್ಳರ ಹಾಗೆ ಕಾಣುತ್ತಾರೆ.

ಆದರೆ ಆ 14 ಲಕ್ಷದ 40 ಸಾವಿರ ಯಾರ ಖಾತೆಗೆ ಹೋಯಿತು ಅಂತ ಯಾರೂ ಕೇಳಿರಲಿಲ್ಲ. ಹೋಗಿದ್ದು ಮಾರುವವರ ಭಾವಮೈದುನನ ಖಾತೆಗೆ! ಮಾರುವವರ ಸ್ವಂತ ಖಾತೆಗೆ ದುಡ್ಡು ಬಿದ್ದರೆ ಹಳೇ ಸಾಲಕ್ಕೆ ಬ್ಯಾಂಕಿನವರು ಮುರಿದುಕೊಳ್ಳುತ್ತಾರಂತೆ. ಪತ್ರದಲ್ಲಿ ಮಾತ್ರ "ನಮಗೆ ಸಂದಾಯವಾಗಿರುತ್ತದೆ" ಎಂದೇ ಇದೆ. ನಾಳೆ "ನನಗೆ ದುಡ್ಡೇ ಬಂದಿಲ್ಲ" ಅಂತ ಅವರು ಕೋರ್ಟಿಗೆ ಹೋದರೆ ಅವರ ಖಾತೆಯ ಸ್ಟೇಟ್‌ಮೆಂಟೇ ಅವರ ಪರ ಸಾಕ್ಷಿ ಹೇಳುತ್ತದೆ. ಅದಕ್ಕೇ ಕೊಂಡವರ ಖಾತೆಯಿಂದ ಹೋದದ್ದನ್ನು ನೋಡಿದರೆ ಸಾಲದು, ಮಾರಿದವರ ಖಾತೆಗೆ ಬಂದದ್ದನ್ನೂ ನೋಡಬೇಕು.

ಇನ್ನು 40 ಲಕ್ಷದ ಡಿಡಿ. ಅದಕ್ಕೆ ಒಂದು ಕೊಂಕೂ ಇರಲಿಲ್ಲ, ಏಕೆಂದರೆ ಅದು ಬ್ಯಾಂಕಿನ ಸ್ವಂತ ದುಡ್ಡು. ಉಳಿದ 20 ಲಕ್ಷ ಗಾಳಿಯಲ್ಲಿ ತೇಲಿ ಹೋಯಿತೋ ಏನೋ, ಅದರ ಉಸಾಬರಿ ಅವರಿಗಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಮಾರ್ಗಸೂಚಿ ದರಕ್ಕಿಂತ ಕಡಿಮೆಯಿಲ್ಲದಿದ್ದರೆ ಸಾಕು, ಪಾಸ್‌ಬುಕ್ ನೋಡುವುದು ಅವರ ಕೆಲಸವಲ್ಲ. ದೊಡ್ಡ ಮೊತ್ತದ ವ್ಯವಹಾರದ ವರದಿಯನ್ನು ಆದಾಯ ತೆರಿಗೆಯವರಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಇಷ್ಟು ಕಚೇರಿ, ಇಷ್ಟು ಸೀಲು, ಆದರೆ ಎರಡು ಕಾಗದವನ್ನು ಅಕ್ಕಪಕ್ಕ ಇಟ್ಟು ನೋಡುವ ಹುದ್ದೆಯನ್ನು ಯಾರೂ ಸೃಷ್ಟಿಸಿಲ್ಲ.

ಟಿಕ್ಕೆಲ್ಲ ಸರಿಬಿದ್ದರೂ ಅದರಿಂದ ಸಾಬೀತಾಗುವುದು ಬರೆದ ದುಡ್ಡು ಮಾತ್ರ. ಬರೆಯದ 30 ಲಕ್ಷ ಎರಡೂ ಕಾಗದದಲ್ಲಿಲ್ಲ. ಅದರ ವಾಸನೆ ಹಿಡಿಯಬೇಕಾದರೆ ನೋಂದಣಿಯ ಹಿಂದುಮುಂದಿನ ವಾರಗಳಲ್ಲಿ ತೆಗೆದ ನಗದು, ಇದ್ದಕ್ಕಿದ್ದಂತೆ ಅಡವಿಟ್ಟ ಒಡವೆ ಇಂಥವನ್ನೇ ನೋಡಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 269 ಎಸ್‌ಎಸ್ ಕಲಮಿಗೆ 2015ರಲ್ಲಿ ಮಾಡಿದ ತಿದ್ದುಪಡಿಯಿಂದ ಶುರುವಾದ ನಿಯಮದ ಪ್ರಕಾರ ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟು ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

"ಸ್ಟ್ಯಾಂಪ್ ಡ್ಯೂಟಿ ಉಳಿಯುತ್ತಲ್ಲ ಸಾರ್, ಲಾಭ ನಿಮಗೇ ತಾನೇ?" ಅಂದ ಬ್ರೋಕರ್. ಅಧಿಕಾರಿಗಳು ಕಾಗದ ತಿರುವಿ ಲೆಕ್ಕ ಬರೆದರು. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ. 2ಕ್ಕೆ ಏರಿದ ಮೇಲೆ ಒಟ್ಟು ಖರ್ಚು ಹೆಚ್ಚುಕಡಿಮೆ ಶೇ. 7.6. ಮುಚ್ಚಿಟ್ಟ 30 ಲಕ್ಷಕ್ಕೆ ಉಳಿಯುವುದು 2 ಲಕ್ಷ 28 ಸಾವಿರ. ಆದರೆ ಆ ಹುಡುಗಿ ಐದಾರು ವರ್ಷದ ನಂತರ ಮನೆ ಮಾರಿದರೆ ಅವಳು ಕೊಂಡ ಬೆಲೆ ಅಂತ ಸರ್ಕಾರ ಒಪ್ಪುವುದು 60 ಲಕ್ಷವನ್ನೇ. ಬಾರದ 30 ಲಕ್ಷ ಲಾಭಕ್ಕೆ ಈಗಿನ ಶೇ. 12.5ರ ಲೆಕ್ಕದಲ್ಲೇ ತೆರಿಗೆ 3 ಲಕ್ಷ 75 ಸಾವಿರ, ಸೆಸ್ ಬೇರೆ. ಮಾರುವವರು ಇವತ್ತು ಕಟ್ಟಬೇಕಾದ ತೆರಿಗೆಯನ್ನು ಕೊಳ್ಳುವವಳ ತಲೆಗೆ ಕಟ್ಟಿ, ಅದಕ್ಕೆ ಉಳಿತಾಯ ಅಂತ ಹೆಸರಿಟ್ಟಿದ್ದಾರೆ.

ಕತ್ತಲಲ್ಲಿ ಕೊಟ್ಟ ದುಡ್ಡನ್ನು ಬೆಳಕಿಗೆ ತಂದು ಹಕ್ಕು ಕೇಳುವವರೂ ಇದ್ದಾರೆ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಆಸ್ತಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಕ್ರಯದ ಕರಾರಿಗೆ 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆ ಎಂದು ತಾವೇ ಬರೆದುಕೊಂಡು ಕೋರ್ಟಿಗೆ ಬಂದವರಿದ್ದರು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಅವರ ದಾವೆಯನ್ನು ತಿರಸ್ಕರಿಸಿ, ಇನ್ನು ಮುಂದೆ 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದಿನ ಮಾತು ದಾವೆಯಲ್ಲಿ ಬಂದರೆ ಕೋರ್ಟು, ನೋಂದಣಿ ಪತ್ರದಲ್ಲಿ ಬಂದರೆ ಸಬ್ ರಿಜಿಸ್ಟ್ರಾರ್ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದಿತು.

ಇಷ್ಟಾದ ಮೇಲೆ ನಮ್ಮ ಅಧಿಕಾರಿಗಳು ಪತ್ರಕ್ಕೆ 90 ಲಕ್ಷವನ್ನೇ ಬರೆಸಬೇಕು, ನಗದು ವಾಪಸ್ ಬರಬೇಕು, ಎಲ್ಲವೂ ಮಾರುವವರ ಸ್ವಂತ ಖಾತೆಗೇ ಹೋಗಬೇಕು ಎಂದು ಪಟ್ಟು ಹಿಡಿದರು. ಮಾರುವವರು ಕೆಲವು ದಿನ ಫೋನೇ ಎತ್ತಲಿಲ್ಲ. ಬೇರೆ ಗಿರಾಕಿ ಸಿಗದೆ ಕೊನೆಗೆ ಒಪ್ಪಿದರು. ನೋಂದಣಿ ಮುಗಿಸಿ ಹೊರಬಂದಾಗ ಬ್ರೋಕರ್ ಕಮಿಷನ್ ಕೇಳಿದ.

"ಶೇಕಡಾ ಒಂದು ಅಂದ್ರೆ 90 ಸಾವಿರ ಸಾರ್."

"ಪತ್ರದಲ್ಲಿ 60 ಅಂತಲೇ ಬರೆಸಿದ್ದಿದ್ದರೆ 60 ಸಾವಿರ ಕೇಳ್ತಿದ್ದೆಯೇನಪ್ಪ?"

"ಅದೆಂಗಾಯ್ತದೆ ಸಾರ್? ನಾವು ಕಮಿಷನ್ ತಗೊಳೋದು ಯಾವತ್ತೂ ನಿಜವಾದ ರೇಟಿನ ಮೇಲೇ."