ಆಕ್ಸಿಮೀಟರ್ 97 ತೋರಿಸಿದರೆ ಎಲ್ಲವೂ ಸರಿಯೇ?

ತಂಗಿಯ ಮಗಳ ಪ್ರಥಮ ಪಿಯುಸಿ ಜೀವಶಾಸ್ತ್ರದ ಕಿರು ಪರೀಕ್ಷೆಯ ಉತ್ತರ ಪತ್ರಿಕೆಯನ್ನೂ ಕಾಲೇಜಿನವರು ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಮಾದರಿ ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ ಈಗಷ್ಟೇ ಮುಗಿಸಿದೆ. ಕಾಫಿ ಆರಿಹೋಗಿದೆ, ನಾನು ಆರಿಲ್ಲ. ಇಷ್ಟು ವರ್ಷ ಇದೇ ಪಾಠ ಮಾಡಿಕೊಂಡು ಬಂದವಳು ಎಂಬುದು ಇಲ್ಲಿರುವ ನಿಮಗೆಲ್ಲ ಗೊತ್ತಿದೆ. ಹಾಗಾಗಿ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಅನಿಲಗಳ ವಿನಿಮಯ ಮತ್ತು ಆಮ್ಲಜನಕದ ಸಾಗಣೆಯ ಮೇಲೆ ಐದು ಪ್ರಶ್ನೆ, ಹತ್ತು ಅಂಕ. ಪ್ರಶ್ನೆಗಳ ಬಗ್ಗೆ ನನಗೆ ತಕರಾರಿಲ್ಲ. ನಾಲ್ಕನೆಯದನ್ನು ನೋಡಿ ಖುಷಿಯೇ ಆಯಿತು: "ಒಬ್ಬ ಮಹಿಳೆಯ ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತಕ್ಕೆ 7.5 ಗ್ರಾಂ ಇದೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ 97 ತೋರಿಸುತ್ತದೆ. ಆಕೆಯ ರಕ್ತದ ಆಮ್ಲಜನಕ ಸಾಗಣೆಯ ಬಗ್ಗೆ ಏನು ಹೇಳುವಿರಿ? ಕಾರಣ ಕೊಡಿ." ಎರಡು ಅಂಕ. ಯಾರೋ ಪುಣ್ಯಾತ್ಮರು ಯೋಚಿಸಿ ಬರೆದ ಪ್ರಶ್ನೆ ಇದು.

ಉತ್ತರ ಬರೆದವರು ಬೇರೆ ಪುಣ್ಯಾತ್ಮರು ಇರಬೇಕು. ಮಾದರಿ ಉತ್ತರ ಹೀಗಿದೆ: "ಆಮ್ಲಜನಕದ 97 ಶೇಕಡಾ ಭಾಗ ಹಿಮೋಗ್ಲೋಬಿನ್ ಮೂಲಕ ಸಾಗುತ್ತಿದೆ. ಆದ್ದರಿಂದ ಸಾಗಣೆ ಸಹಜವಾಗಿದೆ." ನಮ್ಮ ಹುಡುಗಿ ಬರೆದದ್ದು ಇಷ್ಟು: "ರಕ್ತದಲ್ಲಿ ಆಮ್ಲಜನಕ ಸುಮಾರು ಅರ್ಧದಷ್ಟೇ ಇರುತ್ತದೆ, ಏಕೆಂದರೆ ಅದನ್ನು ಹಿಡಿಯುವ ಹಿಮೋಗ್ಲೋಬಿನ್ನೇ ಅರ್ಧ ಇದೆ." ಅದರ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ. ಕೇಳಲು ಹೋದವಳಿಗೆ "ಕೀ ಉತ್ತರದಲ್ಲಿ ಹಾಗಿಲ್ಲಮ್ಮ" ಎಂದರಂತೆ. "ದೊಡ್ಡಮ್ಮ, ನಾನು ಎಲ್ಲಿ ತಪ್ಪಿದೆ?" ಎಂದು ಕೇಳುತ್ತಾಳೆ. ಎಲ್ಲಿಯೂ ಇಲ್ಲ ಕಣಮ್ಮ.

ತಪ್ಪಿರುವುದು ಕೀಯಲ್ಲಿ. ಈ ಪಾಠದಲ್ಲಿ 97 ಎಂಬ ಸಂಖ್ಯೆ ಎರಡು ಕಡೆ ಬರುತ್ತದೆ, ಎರಡಕ್ಕೂ ಸಂಬಂಧವಿಲ್ಲ. ಪಠ್ಯಪುಸ್ತಕದ 97 ಹೇಳುವುದು ಆಮ್ಲಜನಕದ ಬಗ್ಗೆ: ರಕ್ತದಲ್ಲಿ ಸಾಗುವ ಆಮ್ಲಜನಕದಲ್ಲಿ ಇಷ್ಟು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಹೋಗುತ್ತದೆ, ಉಳಿದ 3 ಪ್ಲಾಸ್ಮಾದಲ್ಲಿ ಕರಗಿ ಹೋಗುತ್ತದೆ. ಆಕ್ಸಿಮೀಟರಿನ 97 ಹೇಳುವುದು ಹಿಮೋಗ್ಲೋಬಿನ್ ಬಗ್ಗೆ: ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕದಿಂದ ತುಂಬಿದೆ ಎಂಬುದನ್ನು. ಇದಕ್ಕೆ ಪರ್ಯಾಪ್ತತೆ ಎನ್ನುತ್ತಾರೆ. ಕೀ ಬರೆದವರು ಎರಡು ಕಡೆಯೂ 97 ಕಂಡಿದ್ದೇ ತಡ, ಎರಡಕ್ಕೂ ಮದುವೆ ಮಾಡಿಸಿ ಊಟ ಹಾಕಿಸಿಬಿಟ್ಟಿದ್ದಾರೆ.

ಬೆಳಗಿನ ಹೊತ್ತು ಒಂದು ಊರಿಗೆ ಹತ್ತು ಬಸ್ಸುಗಳಿವೆ, ಎಲ್ಲ ಸೀಟೂ ಭರ್ತಿ ಎಂದಿಟ್ಟುಕೊಳ್ಳಿ. ಪಕ್ಕದ ಊರಿಗೆ ಐದೇ ಬಸ್ಸು, ಅವೂ ಭರ್ತಿ. ಸೀಟು ತುಂಬಿದ ಶೇಕಡಾವಾರು ಎರಡೂ ಊರಿಗೆ ಒಂದೇ, ಪೇಟೆ ಮುಟ್ಟಿದ ಜನ ಮಾತ್ರ ಅರ್ಧ. ಆಕ್ಸಿಮೀಟರ್ ಎಣಿಸುವುದು ಸೀಟುಗಳನ್ನು, ಬಸ್ಸುಗಳನ್ನಲ್ಲ. ಅದು ಬೆರಳಿನ ಮೂಲಕ ಕೆಂಪು ಬೆಳಕು ಮತ್ತು ಅವಕೆಂಪು ಬೆಳಕನ್ನು ಹಾಯಿಸಿ, ಅವೆರಡೂ ಎಷ್ಟೆಷ್ಟು ಹೀರಲ್ಪಟ್ಟವು ಎಂಬುದರ ಅನುಪಾತದಿಂದ ಲೆಕ್ಕ ಹಾಕುತ್ತದೆ. ಹಿಮೋಗ್ಲೋಬಿನ್ ಒಟ್ಟು ಎಷ್ಟಿದೆ ಎಂಬುದು ಆ ಅನುಪಾತದಲ್ಲಿ ಕಾಣುವುದಿಲ್ಲ. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಉಪಕರಣ ಇದು. ಬೆರಳಿಗೆ ಸಿಕ್ಕಿಸಿ ಸಂಖ್ಯೆ ನೋಡಿ ನಿಟ್ಟುಸಿರು ಬಿಟ್ಟವರು ಅದು ಏನನ್ನು ಅಳೆಯುತ್ತದೆ ಎಂದು ಕೇಳಲಿಲ್ಲ. ಅವರನ್ನು ಬಿಡೋಣ. ಪಾಠ ಮಾಡುವವರು ಕೇಳಬೇಡವೇ?

ಈಗ ಲೆಕ್ಕ. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದಾಗ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹಿಡಿಯುತ್ತದೆ. ಆರೋಗ್ಯವಂತರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 15 ಗ್ರಾಂ ಎಂದು ಹಿಡಿದರೆ, 97 ಶೇಕಡಾ ತುಂಬಿದಾಗ ಸುಮಾರು 19.5 ಮಿಲಿಲೀಟರ್ ಆಮ್ಲಜನಕವಾಯಿತು. ನಮ್ಮ ಪ್ರಶ್ನೆಯ ಮಹಿಳೆಯಲ್ಲಿ 7.5 ಗ್ರಾಂ, ಹಾಗಾಗಿ 9.75 ಮಿಲಿಲೀಟರ್. ಅರ್ಧಕ್ಕೆ ಅರ್ಧ. ಹುಡುಗಿ ಬರೆದದ್ದು ಇದನ್ನೇ!

ಇಲ್ಲಿಂದ ಮುಂದೆ ನೋಡಿದರೆ ಇನ್ನೂ ಸ್ವಾರಸ್ಯವಿದೆ. ವಿಶ್ರಾಂತಿಯಲ್ಲಿರುವಾಗ ಅಂಗಾಂಶಗಳು ಪ್ರತಿ 100 ಮಿಲಿಲೀಟರ್ ರಕ್ತದಿಂದ ಸುಮಾರು 5 ಮಿಲಿಲೀಟರ್ ಆಮ್ಲಜನಕ ತೆಗೆದುಕೊಳ್ಳುತ್ತವೆ ಎಂದು ಪಠ್ಯಪುಸ್ತಕವೇ ಹೇಳುತ್ತದೆ. ಆರೋಗ್ಯವಂತರಲ್ಲಿ 19.5ರಿಂದ 5 ಹೋದರೆ 14.5 ಉಳಿಯಿತು. ಹಿಮೋಗ್ಲೋಬಿನ್ ಇನ್ನೂ ಮುಕ್ಕಾಲು ಪಾಲು ತುಂಬಿಯೇ ಹೃದಯಕ್ಕೆ ಮರಳುತ್ತದೆ, ಆ ರಕ್ತದ ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಆಮ್ಲಜನಕವೊಂದೇ ತನ್ನ ಪಾಲಿಗೆ ಹಾಕುವ ಒತ್ತಡ, 40 ಮಿಲಿಮೀಟರ್ ಪಾದರಸದ ಆಸುಪಾಸು. ಮುಂದೆ ಒತ್ತಡ ಎಂದರೆ ಇದೇ, ಬಿಪಿ ಅಲ್ಲ. ಈ ಮಹಿಳೆಯ ಹೃದಯ ಅಷ್ಟೇ ರಕ್ತ ಪಂಪ್ ಮಾಡುತ್ತಿದ್ದರೆ, 9.75ರಿಂದ ಅದೇ 5 ಹೋಗಿ 4.75 ಉಳಿಯುತ್ತದೆ. ಹಿಮೋಗ್ಲೋಬಿನ್ ಅರ್ಧಕ್ಕಿಂತ ತುಸು ಹೆಚ್ಚೇ ಖಾಲಿ. ಒತ್ತಡ ಎಷ್ಟಿದ್ದಾಗ ಹಿಮೋಗ್ಲೋಬಿನ್ ಎಷ್ಟು ತುಂಬಿರುತ್ತದೆ ಎಂದು ತೋರಿಸುವ, ಪಾಠದಲ್ಲಿ ಬರುವ ಆ ಓರೆಯಾದ ಇಂಗ್ಲಿಷ್ ಎಸ್ ಆಕಾರದ ರೇಖೆಯನ್ನು ನೆನಪಿಸಿಕೊಳ್ಳಿ. ಅದರ ಮೇಲೆ ಅರ್ಧ ಖಾಲಿ ಎಂದರೆ ಒತ್ತಡ 27ರ ಸುತ್ತಮುತ್ತ ಇಳಿದಿದೆ ಎಂದರ್ಥ. ಕೋಶಗಳಿಗೆ ಆಮ್ಲಜನಕವನ್ನು ತಳ್ಳುವ ಒತ್ತಡವೇ ಕುಗ್ಗಿದೆ. ಈಕೆ ಮೆಟ್ಟಿಲು ಹತ್ತಿದರೆ ಸ್ನಾಯುಗಳು ಇನ್ನಷ್ಟು ಕೇಳುತ್ತವೆ, ಕೊಡಲು ದಾಸ್ತಾನಿಲ್ಲ. ಹೃದಯ ಜೋರಾಗಿ ಬಡಿದು ರಕ್ತವನ್ನು ವೇಗವಾಗಿ ಓಡಿಸಿ ಸರಿದೂಗಿಸಲು ನೋಡುತ್ತದೆ. ಎದೆ ಡವಡವ, ಏದುಸಿರು, ಮೊದಲ ಮಹಡಿಯಲ್ಲೇ ನಿಂತು ಕಂಬಿ ಹಿಡಿಯುವುದು, ಎಲ್ಲಕ್ಕೂ ಮೂಲ ಇದು. ಆಗಲೂ ಆಕ್ಸಿಮೀಟರ್ ತಣ್ಣಗೆ 97 ತೋರಿಸುತ್ತಲೇ ಇರುತ್ತದೆ.

ಕೂತಾಗ ಯಾಕೆ ಏದುಸಿರು ಬರುವುದಿಲ್ಲ ಎಂದು ಒಬ್ಬ ವಿದ್ಯಾರ್ಥಿ ಹಿಂದೆ ಕೇಳಿದ್ದ. ಒಳ್ಳೆಯ ಪ್ರಶ್ನೆ. ಕುತ್ತಿಗೆಯ ಅಪಧಮನಿಯ ಬಳಿ ಆಮ್ಲಜನಕದ ಕೊರತೆಯನ್ನು ಗುರುತಿಸುವ ಪುಟ್ಟ ಗ್ರಾಹಕಗಳಿವೆ. ಅವು ಮುಖ್ಯವಾಗಿ ನೋಡುವುದು ಒತ್ತಡವನ್ನು, ಒಟ್ಟು ಪ್ರಮಾಣವನ್ನಲ್ಲ. ಈ ಮಹಿಳೆಯ ಶ್ವಾಸಕೋಶ ಚೆನ್ನಾಗಿಯೇ ಇದೆ. ವಾಯುಕೋಶದಲ್ಲಿ ಒತ್ತಡ 104, ಅಪಧಮನಿಯ ರಕ್ತದಲ್ಲಿ 95. ಹೀಗಾಗಿ ಗ್ರಾಹಕಗಳಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒತ್ತಡ ಸರಿ, ಪರ್ಯಾಪ್ತತೆ ಸರಿ, ಪ್ರಮಾಣ ಮಾತ್ರ ಅರ್ಧ. ಈ ಮೂರನ್ನೂ ಬೇರೆಬೇರೆಯಾಗಿ ನೋಡಲು ಕಲಿತರೆ ಈ ಪಾಠದ ಮುಕ್ಕಾಲು ಭಾಗ ಕಲಿತಂತೆ. ನಾಲ್ಕನೆಯ ಪ್ರಶ್ನೆ ಪರೀಕ್ಷಿಸಲು ಹೊರಟಿದ್ದು ಅದನ್ನೇ, ಕೀ ನಾಶ ಮಾಡಿದ್ದೂ ಅದನ್ನೇ.

ಕೀ ಮಾಡಿದ ಇನ್ನೊಂದು ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಎರಡನೆಯ ಪ್ರಶ್ನೆಯಲ್ಲಿ ಪ್ಲಾಸ್ಮಾದಲ್ಲಿ ಕರಗಿದ ಆಮ್ಲಜನಕದ ಪಾಲು ಎಷ್ಟು ಎಂದು ಕೇಳಿದ್ದಾರೆ. ಉತ್ತರ 3. ತರಗತಿಯ ಒಬ್ಬ ಹುಡುಗ ಲೆಕ್ಕ ಮಾಡಿ "ಸುಮಾರು 1.5" ಎಂದು ಬರೆದು ಅಂಕ ಕಳೆದುಕೊಂಡನಂತೆ. ಆ ಹುಡುಗನನ್ನು ಮನೆಗೆ ಕರೆದು ಹೋಳಿಗೆ ಹಾಕಬೇಕು ಎನಿಸಿತು! 95 ಒತ್ತಡದಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಕರಗುವುದು 0.29 ಮಿಲಿಲೀಟರ್ ಆಮ್ಲಜನಕ ಮಾತ್ರ. ಒಟ್ಟು ಇಪ್ಪತ್ತರಲ್ಲಿ ಅದು ಒಂದೂವರೆ ಶೇಕಡಾ. ಹಾಗಾದರೆ ಪುಸ್ತಕದ 3 ಸುಳ್ಳೇ? ಅಲ್ಲ. ಅಂಗಾಂಶಕ್ಕೆ ನಿಜವಾಗಿ ಬಿಟ್ಟುಕೊಟ್ಟ 5 ಮಿಲಿಲೀಟರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಕರಗಿದ ಭಾಗ 0.29ರಿಂದ 0.12ಕ್ಕೆ ಇಳಿಯುತ್ತದೆ, ಅಂದರೆ ಕೊಟ್ಟದ್ದು 0.17. ಐದರಲ್ಲಿ 0.17 ಎಂದರೆ ಮೂರು ಶೇಕಡಾ ಚಿಲ್ಲರೆ. ರಕ್ತದಲ್ಲಿ ಇರುವುದರ ಪಾಲು ಬೇರೆ, ಅಂಗಾಂಶಕ್ಕೆ ತಲುಪಿಸಿದ್ದರ ಪಾಲು ಬೇರೆ, ಎರಡೂ ಸರಿ. ಕೀಯಲ್ಲಿ ಇದಕ್ಕೆ ಒಂದು ಸಾಲಿನ ಜಾಗ ಇರಲಿಲ್ಲ. "ಈ ಭಾಗ ನಗಣ್ಯ" ಎಂದು ಸೇರಿಸಲು ಮಾತ್ರ ಜಾಗವಿತ್ತು. ಸ್ವಾಮಿ, ಆಮ್ಲಜನಕ ವಾಯುಕೋಶದಿಂದ ಹಿಮೋಗ್ಲೋಬಿನ್‌ಗೆ ಹೋಗುವುದೂ ಹಿಮೋಗ್ಲೋಬಿನ್‌ನಿಂದ ಕೋಶಕ್ಕೆ ಹೋಗುವುದೂ ಕರಗಿದ ರೂಪದಲ್ಲಿಯೇ. ಒತ್ತಡ ಎಂದು ಅಳೆಯುವುದೂ ಆ ಕರಗಿದ ಭಾಗದ್ದೇ.

"ಮೇಡಂ, ಕೀ ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ರೀತಿ ಅಂಕ ಕೊಡುತ್ತಾರೆ, ಮಕ್ಕಳಿಗೆ ಅನ್ಯಾಯವಾಗುತ್ತದೆ" ಎನ್ನುವವರಿದ್ದೀರಿ, ಕಾಮೆಂಟ್ ಟೈಪ್ ಮಾಡಲು ಶುರು ಮಾಡಿಯೂ ಆಗಿರಬಹುದು. ಮೌಲ್ಯಮಾಪನ ಕೇಂದ್ರದಲ್ಲಿ ಕಟ್ಟುಕಟ್ಟು ಪತ್ರಿಕೆಗಳ ಮುಂದೆ ಕೂತವಳು ನಾನೂ ಹೌದು, ಕೀ ಬೇಕೇ ಬೇಕು. ಆದರೆ ಎಲ್ಲರಿಗೂ ಸಮಾನವಾಗಿ ತಪ್ಪು ಅಂಕ ಕೊಡುವುದನ್ನು ನ್ಯಾಯ ಎನ್ನುವುದಾದರೆ ನನ್ನ ಬಳಿ ಉತ್ತರವಿಲ್ಲ. ಪಠ್ಯಕ್ರಮದಲ್ಲಿ ಇಷ್ಟು ಆಳ ಇಲ್ಲ ಎಂಬ ವಾದವೂ ಬರುತ್ತದೆ. ಹಿಮೋಗ್ಲೋಬಿನ್ ಪ್ರಮಾಣ, ಎಸ್ ಆಕಾರದ ರೇಖೆ, 5 ಮಿಲಿಲೀಟರ್, ಎಲ್ಲವೂ ಪಠ್ಯದಲ್ಲೇ ಇವೆ. ಬೇಕಾದದ್ದು ಒಂದು ಗುಣಾಕಾರ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಕೀ ಬರೆದವರು ಯಾರೆಂದು ನನಗೆ ಅಂದಾಜಿದೆ, ಫೋನ್ ನಂಬರೂ ಇದೆ. ಮಾಡಲಿಲ್ಲ. ಮುಂದಿನ ಮೌಲ್ಯಮಾಪನಕ್ಕೆ ಒಂದೇ ಕೋಣೆಯಲ್ಲಿ ಕೂರಬೇಕು. ಧೈರ್ಯವೆಲ್ಲ ಫೇಸ್‌ಬುಕ್ಕಿನಲ್ಲಿ ಮಾತ್ರ.

ಇಷ್ಟು ಸಿಟ್ಟು ಯಾಕೆಂದರೆ, ಇದು ಎಲ್ಲೋ ಇರುವ ಕಾಲ್ಪನಿಕ ಮಹಿಳೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಎಲ್ಲರಿಗೂ 7.5ರಷ್ಟು ತೀವ್ರವಲ್ಲ, ಆದರೂ ಆ ತರಗತಿಯ ಬೆಂಚುಗಳಲ್ಲೇ ಕೆಲವರು ಇದ್ದಾರು. ಆಕ್ಸಿಮೀಟರ್ 97 ಎಂದಿತು, ಸಾಗಣೆ ಸಹಜ ಎಂದು ಓದಿ ಬಾಯಿಪಾಠ ಮಾಡಿದ ಹುಡುಗಿ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ಅವಳಿಗೆ ಹೊಳೆಯುವುದಾದರೂ ಹೇಗೆ?

ಸರಿ, ಬೈದದ್ದಾಯಿತು. ನಾಲ್ಕನೆಯ ಪ್ರಶ್ನೆಗೆ ನನ್ನ ಕೀ: "ಪರ್ಯಾಪ್ತತೆ ಸಹಜ, ಆದರೆ ಹಿಮೋಗ್ಲೋಬಿನ್ ಅರ್ಧವಿರುವುದರಿಂದ ಒಟ್ಟು ಆಮ್ಲಜನಕ ಸುಮಾರು ಅರ್ಧ." ಅರ್ಧ ಎಂದವರಿಗೆ ಒಂದು ಅಂಕ, ಕಾರಣ ಹೇಳಿದವರಿಗೆ ಇನ್ನೊಂದು.

ಆರನೆಯ ಪ್ರಶ್ನೆಯೊಂದನ್ನು ನಾನೇ ಸೇರಿಸುತ್ತೇನೆ, ಮೂರು ಅಂಕಕ್ಕೆ: "ಇದೇ ಮಹಿಳೆಗೆ ಬಿಗಿಯಾದ ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಏನಾಗುತ್ತದೆ?" ಉತ್ತರ: ಹಿಮೋಗ್ಲೋಬಿನ್ ಮೊದಲೇ 97 ತುಂಬಿದೆ, 100ಕ್ಕೆ ಏರಿದರೂ ಸಿಗುವುದು 0.3 ಮಿಲಿಲೀಟರ್. ಆದರೆ ವಾಯುಕೋಶದ ಒತ್ತಡ 104ರಿಂದ 660ರ ಆಸುಪಾಸಿಗೆ ಏರುವುದರಿಂದ ಕರಗಿದ ಭಾಗ 0.3ರಿಂದ ಸುಮಾರು 2 ಮಿಲಿಲೀಟರ್ ಆಗುತ್ತದೆ. ಒಟ್ಟು ಹತ್ತಿದ್ದದ್ದು ಹನ್ನೆರಡಾಯಿತು. "ನಗಣ್ಯ" ಭಾಗದ ಕೊಡುಗೆ ಇದು. ಆದರೂ ಕಳೆದುಹೋದ ಹತ್ತನ್ನು ಅದು ತುಂಬಲಾರದು, ಅದಕ್ಕೆ ಹಿಮೋಗ್ಲೋಬಿನ್ನೇ ಹೆಚ್ಚಬೇಕು. ಸಂಖ್ಯೆ ತಪ್ಪಿದರೂ ಕರಗಿದ ಭಾಗ ಏರುತ್ತದೆ ಎಂದವರಿಗೆ ಒಂದು ಅಂಕ ಖಂಡಿತ ಕೊಡಿ. ಹಿಮೋಗ್ಲೋಬಿನ್ 100ಕ್ಕಿಂತ ಹೆಚ್ಚು ತುಂಬುತ್ತದೆ ಎಂದು ಬರೆದವರಿಗೆ ಕೊಡಬೇಡಿ, ಅವರು ನನ್ನ ತಂಗಿಯ ಮಗಳೇ ಆಗಿದ್ದರೂ.